ಹೆಚ್ಚು ಮಾರುವ ಕಂಪನಿ, ಹೆಚ್ಚು ಗಳಿಸುವ ಕಂಪನಿ

ಅರ್ಥಶಾಸ್ತ್ರದ ಪಠ್ಯಪುಸ್ತಕದಲ್ಲಿ ಬರುವ ಕಂಪನಿಗೆ ಒಂದೇ ಗುರಿ. ಲಾಭವನ್ನು ಎಷ್ಟು ಹೆಚ್ಚಿಸಬಹುದೋ ಅಷ್ಟು ಹೆಚ್ಚಿಸುವುದು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಬೌಮಲ್ ಅವರಿಗೆ 1950ರ ದಶಕದಲ್ಲಿ ಈ ಚಿತ್ರದ ಬಗ್ಗೆ ಅನುಮಾನ ಹುಟ್ಟಿತು. ಅವರು ಕಂಪನಿಗಳಿಗೆ ಸಲಹೆಗಾರರಾಗಿಯೂ ಕೆಲಸ ಮಾಡುತ್ತಿದ್ದವರು. ವ್ಯವಹಾರ ಹೇಗಿದೆ ಎಂದು ಕೇಳಿದರೆ ಮ್ಯಾನೇಜರುಗಳು ಮೊದಲು ಹೇಳುತ್ತಿದ್ದದ್ದು ಮಾರಾಟದ ಮೊತ್ತ. ಲಾಭದ ಮಾತು ಆಮೇಲೆ ಬರುತ್ತಿತ್ತು. ಲಾಭ ಕಡಿಮೆ ಎಂದು ಗೊತ್ತಿದ್ದೂ ಒಂದು ಮಾರುಕಟ್ಟೆಯನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರುತ್ತಿರಲಿಲ್ಲ.

ಇದನ್ನೇ ಅವರು 1958ರ ಒಂದು ಲೇಖನದಲ್ಲಿ, ಮರುವರ್ಷ ‘ಬಿಸಿನೆಸ್ ಬಿಹೇವಿಯರ್, ವ್ಯಾಲ್ಯೂ ಅಂಡ್ ಗ್ರೋತ್’ ಎಂಬ ಪುಸ್ತಕದಲ್ಲಿ ಸಿದ್ಧಾಂತವಾಗಿ ಮುಂದಿಟ್ಟರು. ಕೆಲವೇ ದೊಡ್ಡ ಕಂಪನಿಗಳು ಹಂಚಿಕೊಂಡಿರುವ ಮಾರುಕಟ್ಟೆಯಲ್ಲಿ ಕಂಪನಿಯ ನಿಜವಾದ ಗುರಿ ಮಾರಾಟದಿಂದ ಬರುವ ಒಟ್ಟು ಹಣವನ್ನು, ಅಂದರೆ ವಹಿವಾಟನ್ನು, ಹೆಚ್ಚಿಸುವುದು. ಆದರೆ ಅದಕ್ಕೊಂದು ಷರತ್ತಿದೆ. ಲಾಭ ಒಂದು ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಯಬಾರದು. ನಮ್ಮ ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳು ಇದನ್ನು ಓದಿ ಪರೀಕ್ಷೆ ಬರೆಯುತ್ತಾರೆ. ಒಂದು ರೇಖಾಚಿತ್ರ ಬಿಡಿಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಈ ಸಿದ್ಧಾಂತದ ತಿರುಳು ಇರುವುದು ಆ ಷರತ್ತಿನಲ್ಲಿ. ಅಂಗಡಿ ಬಾಡಿಗೆ ಏರಿದರೆ ಸರಕಿನ ಬೆಲೆ ಏಕೆ ಏರುತ್ತದೆ ಎಂಬ ಸಾಮಾನ್ಯ ಪ್ರಶ್ನೆಗೂ ಅದು ಒಂದು ಉತ್ತರ ಕೊಡುತ್ತದೆ.

ಮೊದಲು, ಮಾಲೀಕನಿಗೆ ಬೇಕಾದ್ದು ಲಾಭವಾಗಿರುವಾಗ ಕಂಪನಿ ಬೇರೆ ಗುರಿ ಹಿಡಿಯುವುದಾದರೂ ಹೇಗೆ? ಒಬ್ಬನೇ ಮಾಲೀಕ ಗಲ್ಲಾದ ಮೇಲೆ ಕೂತಿರುವ ಅಂಗಡಿಯಲ್ಲಿ ಹಾಗಾಗುವುದು ಕಷ್ಟ. ಸಾವಿರಾರು ಷೇರುದಾರರಿರುವ ಕಂಪನಿಯಲ್ಲಿ ಒಡೆತನ ಒಬ್ಬರದು, ಆಡಳಿತ ಇನ್ನೊಬ್ಬರದು. ಅಡಾಲ್ಫ್ ಬರ್ಲಿ ಮತ್ತು ಗಾರ್ಡಿನರ್ ಮೀನ್ಸ್ ಅಮೆರಿಕದ 200 ದೊಡ್ಡ ಕಂಪನಿಗಳನ್ನು ಪರಿಶೀಲಿಸಿ 1932ರಲ್ಲೇ ಈ ಬಿರುಕನ್ನು ತೋರಿಸಿದ್ದರು. ದಿನದ ತೀರ್ಮಾನ ಮಾಡುವ ಮ್ಯಾನೇಜರನಿಗೆ ವಹಿವಾಟು ದೊಡ್ಡದಾದಷ್ಟೂ ಒಳ್ಳೆಯದು. ಅವನ ಸಂಬಳ, ಹುದ್ದೆಯ ತೂಕ, ಕೈಕೆಳಗಿನ ಜನರ ಸಂಖ್ಯೆ ಎಲ್ಲವೂ ಕಂಪನಿಯ ಗಾತ್ರದ ಜೊತೆ ಬೆಳೆಯುತ್ತವೆ. ಮಾರಾಟ ಕುಸಿದರೆ ಬ್ಯಾಂಕಿನವರು ಹಿಂಜರಿಯುತ್ತಾರೆ, ಡೀಲರುಗಳು ಬೇರೆ ಕಂಪನಿಯ ಕಡೆ ನೋಡುತ್ತಾರೆ, ಕೆಲಸಗಾರರನ್ನು ಕಳಿಸಬೇಕಾಗುತ್ತದೆ. ಇದನ್ನೆಲ್ಲ ಎದುರಿಸಬೇಕಾದವನು ಅವನೇ.

ಹಾಗೆಂದು ಅವನು ಲಾಭವನ್ನು ಪೂರ್ತಿ ಮರೆಯುವಂತಿಲ್ಲ. ಷೇರುದಾರರಿಗೆ ಡಿವಿಡೆಂಡ್ ಸಿಗಬೇಕು. ನಾಳೆ ಕಾರ್ಖಾನೆ ವಿಸ್ತರಿಸಲು ಹೊಸ ಷೇರು ಬಿಟ್ಟರೆ ಕೊಳ್ಳುವವರಿರಬೇಕು. ಷೇರಿನ ಬೆಲೆ ತೀರಾ ಬಿದ್ದರೆ ಬೇರೆಯವರು ಕಂಪನಿಯನ್ನೇ ಕೊಂಡು ಮ್ಯಾನೇಜರನನ್ನು ಮನೆಗೆ ಕಳಿಸಬಹುದು. ಇವರೆಲ್ಲರನ್ನೂ ಸುಮ್ಮನಿರಿಸಲು ಸಾಕಾಗುವಷ್ಟು ಲಾಭವೇ ಆ ಕನಿಷ್ಠ ಮಟ್ಟ.

ಇನ್ನು ಲೆಕ್ಕಕ್ಕೆ ಬರೋಣ. ಪ್ರೆಷರ್ ಕುಕ್ಕರ್ ತಯಾರಿಸುವ ಒಂದು ಕಂಪನಿಯನ್ನು ಊಹಿಸಿಕೊಳ್ಳಿ. ಅಂಕಿಗಳೆಲ್ಲ ಉದಾಹರಣೆಗಾಗಿ ನಾನು ಮಾಡಿಕೊಂಡವು. ಜಿಎಸ್‌ಟಿ, ಆದಾಯ ತೆರಿಗೆಗಳನ್ನು ಬದಿಗಿಟ್ಟಿದ್ದೇನೆ. ಕುಕ್ಕರಿನ ಬೆಲೆ 2,000 ರೂಪಾಯಿ ಇದ್ದರೆ ತಿಂಗಳಿಗೆ 50 ಸಾವಿರ ಮಾರಾಟವಾಗುತ್ತವೆ. ಬೆಲೆಯನ್ನು 20 ರೂಪಾಯಿ ಇಳಿಸಿದಾಗೆಲ್ಲ ಇನ್ನೊಂದು ಸಾವಿರ ಹೆಚ್ಚು ಹೋಗುತ್ತವೆ, ಏರಿಸಿದರೆ ಒಂದು ಸಾವಿರ ಕಡಿಮೆ. ಒಂದು ಕುಕ್ಕರಿಗೆ ಅಲ್ಯೂಮಿನಿಯಂ, ಗ್ಯಾಸ್ಕೆಟ್, ಕೂಲಿ, ಪೆಟ್ಟಿಗೆ, ಸಾಗಣೆ ಎಲ್ಲ ಸೇರಿ 1,000 ರೂಪಾಯಿ ಖರ್ಚು. ಇದರ ಜೊತೆಗೆ ಕುಕ್ಕರ್ ಒಂದೇ ಆಗಲಿ ಲಕ್ಷವೇ ಆಗಲಿ, ಬಾಡಿಗೆ, ಬಡ್ಡಿ, ಕಚೇರಿ ಸಂಬಳ ಎಂದು ತಿಂಗಳಿಗೆ 2 ಕೋಟಿ ರೂಪಾಯಿಯ ಸ್ಥಿರ ವೆಚ್ಚವಿದೆ.

ಬೇರೆ ಬೇರೆ ಬೆಲೆಗಳಲ್ಲಿ ತಿಂಗಳ ಲೆಕ್ಕ ಹೀಗೆ ಬರುತ್ತದೆ:

| ಬೆಲೆ (ರೂ.) | ಮಾರಾಟ (ಸಾವಿರ) | ವಹಿವಾಟು (ಕೋಟಿ ರೂ.) | ತಯಾರಿಕೆಯ ಖರ್ಚು (ಕೋಟಿ ರೂ.) | ಸ್ಥಿರ ವೆಚ್ಚ ಕಳೆದ ಲಾಭ (ಕೋಟಿ ರೂ.) |
|---|---|---|---|---|
| 2,400 | 30 | 7.20 | 3.00 | 2.20 |
| 2,000 | 50 | 10.00 | 5.00 | 3.00 |
| 1,800 | 60 | 10.80 | 6.00 | 2.80 |
| 1,600 | 70 | 11.20 | 7.00 | 2.20 |
| 1,500 | 75 | 11.25 | 7.50 | 1.75 |
| 1,400 | 80 | 11.20 | 8.00 | 1.20 |

ಲಾಭವನ್ನೇ ಗುರಿಯಾಗಿಟ್ಟುಕೊಂಡ ಕಂಪನಿ 2,000 ರೂಪಾಯಿಯಲ್ಲಿ ನಿಲ್ಲುತ್ತದೆ. ಅಲ್ಲೇ ಏಕೆ ಎಂಬುದನ್ನು ಒಂದೊಂದೇ ಹೆಜ್ಜೆ ಇಟ್ಟು ನೋಡಬೇಕು. 50 ಸಾವಿರದಿಂದ 51 ಸಾವಿರಕ್ಕೆ ಹೋಗಬೇಕಾದರೆ ಬೆಲೆ 1,980ಕ್ಕೆ ಇಳಿಯಬೇಕು. ಹೊಸ ಸಾವಿರ ಕುಕ್ಕರುಗಳಿಂದ 19.8 ಲಕ್ಷ ರೂಪಾಯಿ ಬರುತ್ತದೆ, ನಿಜ. ಆದರೆ ಮೊದಲಿನ 50 ಸಾವಿರ ಕುಕ್ಕರುಗಳ ಮೇಲೂ ತಲಾ 20 ರೂಪಾಯಿ ಕಡಿಮೆ ಸಿಗುತ್ತದೆ. ಅದು 10 ಲಕ್ಷ. ಕೈಯಲ್ಲಿ ಉಳಿಯುವ ಹೆಚ್ಚುವರಿ ಹಣ 9.8 ಲಕ್ಷ ಮಾತ್ರ. ಆ ಸಾವಿರ ಕುಕ್ಕರ್ ಮಾಡಲು ತಗಲುವ ಖರ್ಚು 10 ಲಕ್ಷ. ಹೀಗೆ 20 ಸಾವಿರ ರೂಪಾಯಿ ನಷ್ಟ. ಅದೇ 49 ಸಾವಿರದಿಂದ 50 ಸಾವಿರಕ್ಕೆ ಬರುವ ಹೆಜ್ಜೆಯಲ್ಲಿ 10.2 ಲಕ್ಷ ಹೆಚ್ಚು ಸಿಕ್ಕಿತ್ತು, 20 ಸಾವಿರ ಉಳಿದಿತ್ತು. ಒಂದು ಹೆಜ್ಜೆ ಹಿಂದೆ ಇದ್ದರೆ ಮುಂದೆ ಹೋಗುವುದು ಲಾಭ, ಒಂದು ಹೆಜ್ಜೆ ಮುಂದೆ ಹೋದರೆ ನಷ್ಟ. ಸೀಮಾಂತ ಆದಾಯ ಸೀಮಾಂತ ವೆಚ್ಚಕ್ಕೆ ಸಮವಾಗುವ ಜಾಗ ಎಂದು ಪುಸ್ತಕಗಳು ಹೇಳುವುದು ಇದನ್ನೇ.

ವಹಿವಾಟನ್ನೇ ನೋಡುವ ಮ್ಯಾನೇಜರನಿಗೆ ಆ 9.8 ಲಕ್ಷ ಗಳಿಕೆಯಾಗಿ ಕಾಣುತ್ತದೆ. ಮಾರಾಟ ಏರಿತಲ್ಲ! ಅವನು ಮುಂದೆ ಹೋಗುತ್ತಾನೆ. ಪ್ರತಿ ಹೆಜ್ಜೆಗೂ ಸಿಗುವ ಹೆಚ್ಚುವರಿ ಹಣ ಕರಗುತ್ತಾ ಬರುತ್ತದೆ. 69 ಸಾವಿರದಿಂದ 70 ಸಾವಿರಕ್ಕೆ ಹೋದಾಗ ವಹಿವಾಟು ಏರುವುದು 2.2 ಲಕ್ಷ ಮಾತ್ರ. ಖರ್ಚು ಎಂದಿನಂತೆ 10 ಲಕ್ಷ. 75 ಸಾವಿರ ದಾಟಿದ ಮೇಲೆ ವಹಿವಾಟೇ ಇಳಿಯತೊಡಗುತ್ತದೆ. ಯಾವ ಷರತ್ತೂ ಇಲ್ಲದಿದ್ದರೆ ಅವನು ಬೆಲೆಯನ್ನು 1,500ಕ್ಕೆ ತಂದು, 11.25 ಕೋಟಿ ವಹಿವಾಟು ಮಾಡಿ ಅಲ್ಲಿ ನಿಲ್ಲುತ್ತಿದ್ದ. ಕಂಪನಿಗೆ ಉಳಿಯುತ್ತಿದ್ದ ಲಾಭ 1.75 ಕೋಟಿ.

ಈಗ ಷರತ್ತನ್ನು ತರೋಣ. ತಿಂಗಳಿಗೆ ಕನಿಷ್ಠ 2.2 ಕೋಟಿ ಲಾಭ ಬರಲೇಬೇಕು ಎಂದು ಆಡಳಿತ ಮಂಡಳಿ ಹೇಳಿದೆ ಎಂದಿಟ್ಟುಕೊಳ್ಳಿ. 75 ಸಾವಿರ ಇನ್ನು ಸಾಧ್ಯವಿಲ್ಲ. ಪಟ್ಟಿಯಲ್ಲಿ 2.2 ಕೋಟಿ ಲಾಭ ಎರಡು ಕಡೆ ಕಾಣುತ್ತದೆ: 2,400 ರೂಪಾಯಿಗೆ 30 ಸಾವಿರ ಕುಕ್ಕರ್, 1,600ಕ್ಕೆ 70 ಸಾವಿರ. ಷೇರುದಾರನ ದೃಷ್ಟಿಯಿಂದ ಎರಡೂ ಒಂದೇ. ಮ್ಯಾನೇಜರನ ದೃಷ್ಟಿಯಿಂದ ಒಂದು 7.2 ಕೋಟಿಯ ಕಂಪನಿ, ಇನ್ನೊಂದು 11.2 ಕೋಟಿಯದು. ಅವನು ಎರಡನೆಯದನ್ನೇ ಹಿಡಿಯುತ್ತಾನೆ.

ಹೀಗೆ ಒಂದೇ ಕಾರ್ಖಾನೆ, ಒಂದೇ ಖರ್ಚು, ಒಂದೇ ಗಿರಾಕಿಗಳು. ಗುರಿ ಬದಲಾದದ್ದಕ್ಕೆ ಬೆಲೆ 2,000ದಿಂದ 1,600ಕ್ಕೆ ಬಂತು, ಮಾರಾಟ 50 ಸಾವಿರದಿಂದ 70 ಸಾವಿರಕ್ಕೆ ಏರಿತು. ಮಾಲೀಕರು ತಿಂಗಳಿಗೆ 80 ಲಕ್ಷ ಕಳೆದುಕೊಂಡರು. ಕೊಳ್ಳುವವರಿಗೆ ಏನಾಯಿತು ಎಂದೂ ನೋಡಬೇಕು. ಪಠ್ಯಗಳಲ್ಲಿ ಈ ಭಾಗ ಹೆಚ್ಚಾಗಿ ಬಿಟ್ಟುಹೋಗುತ್ತದೆ. ಮೊದಲೇ ಕೊಳ್ಳುತ್ತಿದ್ದ 50 ಸಾವಿರ ಮನೆಗಳಿಗೆ ತಲಾ 400 ರೂಪಾಯಿ ಉಳಿತಾಯ, ಒಟ್ಟು 2 ಕೋಟಿ. ಹೊಸದಾಗಿ ಬಂದ 20 ಸಾವಿರ ಮಂದಿಯಲ್ಲಿ ಕೆಲವರು 2,000ಕ್ಕೆ ಸ್ವಲ್ಪ ಕಡಿಮೆ ಕೊಡಲು ಸಿದ್ಧರಿದ್ದವರು, ಕೆಲವರು 1,600ಕ್ಕಿಂತ ಹೆಚ್ಚು ಕೊಡಲಾಗದವರು. ಸರಾಸರಿ 200 ರೂಪಾಯಿಯಂತೆ ಅವರಿಗೆ 40 ಲಕ್ಷದ ಅನುಕೂಲ. ಮಾಲೀಕರ 80 ಲಕ್ಷದ ಎದುರು ಗಿರಾಕಿಗಳ 2.4 ಕೋಟಿ. ಪೈಪೋಟಿ ಕಡಿಮೆಯಿರುವ ಮಾರುಕಟ್ಟೆಯಲ್ಲಿ ಮ್ಯಾನೇಜರನ ಮಾರಾಟದ ಹಂಬಲ ಗಿರಾಕಿಗೆ ನೆರವಾಗುತ್ತದೆ ಎಂಬುದು ಈ ಲೆಕ್ಕದಿಂದ ಹೊರಡುವ ಮಾತು. ಷೇರುದಾರನಿಗೆ ಅದು ಹಿತವೆನಿಸದು; ಅವನ ಅನುಮತಿಯಿಲ್ಲದೆ ಅವನ ಹಣದಿಂದ ಈ ರಿಯಾಯಿತಿ ಕೊಟ್ಟಂತಾಯಿತು.

ಒಂದು ಸಂದೇಹ ಇಲ್ಲಿ ಬರಬಹುದು. ಆಡಳಿತ ಮಂಡಳಿ 1.5 ಕೋಟಿ ಸಾಕು ಎಂದಿದ್ದರೆ? 1,500 ರೂಪಾಯಿ ಬೆಲೆಯಲ್ಲಿ 1.75 ಕೋಟಿ ಬರುತ್ತಿದೆ. ಷರತ್ತಿಗೆ ಕೆಲಸವೇ ಇಲ್ಲದಂತಾಯಿತಲ್ಲ? ಬೌಮಲ್ ಇದಕ್ಕೆ ಕೊಟ್ಟ ಉತ್ತರ ಜಾಹೀರಾತು. ಬೆಲೆ ಇಳಿಸಿದರೆ ಒಂದು ಹಂತದ ನಂತರ ವಹಿವಾಟು ಕುಗ್ಗಬಹುದು. ಜಾಹೀರಾತಿಗೆ ಹಣ ಹಾಕಿದರೆ ಸ್ವಲ್ಪವಾದರೂ ಮಾರಾಟ ಏರುತ್ತದೆ, ಇಳಿಯುವುದಿಲ್ಲ ಎಂದು ಅವರು ಭಾವಿಸಿದರು. ಆಗ ಮಿಕ್ಕಿದ 25 ಲಕ್ಷ ಸುಮ್ಮನೆ ಕೂರುವುದಿಲ್ಲ. ಟಿವಿ ಜಾಹೀರಾತಿಗೋ ಹಬ್ಬದ ಯೋಜನೆಗೋ ಹೋಗುತ್ತದೆ, ಲಾಭ ಕನಿಷ್ಠ ಮಟ್ಟಕ್ಕೆ ಬಂದು ತಾಗುವವರೆಗೂ ಹೋಗುತ್ತದೆ. ಹಾಗಾಗಿ ಈ ಬಗೆಯ ಕಂಪನಿ ಸದಾ ತನ್ನ ಕನಿಷ್ಠ ಲಾಭದ ಅಂಚಿನಲ್ಲೇ ನಿಂತಿರುತ್ತದೆ.

ಅಂಚಿನಲ್ಲಿ ನಿಂತಿರುವ ಕಾರಣಕ್ಕೇ ಅದರ ನಡವಳಿಕೆ ಬೇರೆ. ಕುಕ್ಕರ್ ಕಂಪನಿಯ ಸ್ಥಿರ ವೆಚ್ಚ ತಿಂಗಳಿಗೆ 60 ಲಕ್ಷ ಏರಿತು ಎಂದುಕೊಳ್ಳಿ. ಕಾರ್ಖಾನೆಯ ಬಾಡಿಗೆಯೋ, ಸಾಲದ ಬಡ್ಡಿಯೋ, ಎಷ್ಟು ಮಾರಿದರೂ ಬದಲಾಗದ ಒಂದು ಸರ್ಕಾರಿ ಶುಲ್ಕವೋ ಏರಿರಬಹುದು. ಒಂದು ಕುಕ್ಕರ್ ಮಾಡುವ ಖರ್ಚು 1,000 ರೂಪಾಯಿಯೇ ಇದೆ.

ಲಾಭ ಹೆಚ್ಚಿಸುವ ಕಂಪನಿ ಏನು ಮಾಡಬೇಕು? ಪಟ್ಟಿಯ ಕೊನೆಯ ಅಂಕಣದಲ್ಲಿ ಎಲ್ಲ ಲಾಭಗಳಿಂದಲೂ 60 ಲಕ್ಷ ಕಳೆಯಿರಿ. 2,000 ರೂಪಾಯಿಯಲ್ಲಿ 2.4 ಕೋಟಿ, 1,800ರಲ್ಲಿ 2.2, 1,600ರಲ್ಲಿ 1.6. ಎಲ್ಲವೂ ಒಂದೇ ಅಳತೆಯಲ್ಲಿ ಇಳಿದವು, ಎಲ್ಲಕ್ಕಿಂತ ಹೆಚ್ಚಿನದು ಈಗಲೂ 2,000 ರೂಪಾಯಿಯದೇ. ಬೆಲೆ ಏರಿಸಿದರೆ ಲಾಭ ಇನ್ನೂ ಇಳಿಯುತ್ತದೆ. ಆದ್ದರಿಂದ ಅದು ಬೆಲೆ ಮುಟ್ಟುವುದಿಲ್ಲ, 60 ಲಕ್ಷವನ್ನು ಮಾಲೀಕರೇ ನುಂಗಿಕೊಳ್ಳುತ್ತಾರೆ.

ಮಾರಾಟ ಹೆಚ್ಚಿಸುವ ಕಂಪನಿಗೆ ಆ ದಾರಿಯಿಲ್ಲ. 1,600 ರೂಪಾಯಿಯಲ್ಲಿ ಅದರ ಲಾಭ 1.6 ಕೋಟಿಗೆ ಬಿತ್ತು, ಬೇಕಾದದ್ದು 2.2 ಕೋಟಿ. ಅದು ಹಿಂದೆ ಸರಿಯಲೇಬೇಕು. 1,800 ರೂಪಾಯಿಗೆ ಬಂದಾಗ ಲಾಭ ಮತ್ತೆ 2.2 ಕೋಟಿಗೆ ಮುಟ್ಟುತ್ತದೆ. ಬೆಲೆ 200 ರೂಪಾಯಿ ಏರಿತು, ಮಾರಾಟ 10 ಸಾವಿರ ಇಳಿಯಿತು. ಸ್ಥಿರ ವೆಚ್ಚ 60 ಲಕ್ಷ ಇಳಿದಿದ್ದರೆ ಇದು ತಿರುಗುಮುರುಗಾಗುತ್ತಿತ್ತು: ಬೆಲೆ 1,500ಕ್ಕೆ ಬಂದು, 2.35 ಕೋಟಿ ಲಾಭದಲ್ಲಿ ಮಿಕ್ಕ 15 ಲಕ್ಷ ಜಾಹೀರಾತಿಗೆ ಹೋಗುತ್ತಿತ್ತು. ಲಾಭ ಹೆಚ್ಚಿಸುವ ಕಂಪನಿ ಆಗಲೂ 2,000ವನ್ನು ಬಿಟ್ಟು ಕದಲುತ್ತಿರಲಿಲ್ಲ.

ಬೌಮಲ್ ಅವರ ಕೊಡುಗೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದು. ‘ಬಾಡಿಗೆ ಜಾಸ್ತಿಯಾಯಿತು ಸ್ವಾಮಿ, ಅದಕ್ಕೇ ರೇಟು ಏರಿಸಿದೆವು’ ಎಂಬ ಮಾತನ್ನು ಎಲ್ಲ ಊರಿನ ವ್ಯಾಪಾರಿಗಳೂ ಹೇಳುತ್ತಾರೆ. ಹಳೆಯ ಸಿದ್ಧಾಂತದ ಕಣ್ಣಿಗೆ ಅದು ಅರ್ಥವಿಲ್ಲದ ಮಾತು. ಬೆಲೆ ಏರಿಸಿ ಹೆಚ್ಚು ಗಳಿಸುವ ಅವಕಾಶ ಇದ್ದಿದ್ದರೆ ಬಾಡಿಗೆ ಏರುವ ಮೊದಲೇ ಏಕೆ ಏರಿಸಲಿಲ್ಲ? ಲಾಭವನ್ನು ಅದಾಗಲೇ ತುದಿಗೆ ಮುಟ್ಟಿಸಿದವನಿಗೆ ಏರಿಸಲು ಜಾಗವೇ ಇರುವುದಿಲ್ಲ. ಮಾರಾಟಕ್ಕಾಗಿ ಸ್ವಲ್ಪ ಲಾಭವನ್ನು ಬಿಟ್ಟುಕೊಟ್ಟಿದ್ದವನಿಗೆ ಮಾತ್ರ ಆ ಜಾಗ ಇರುತ್ತದೆ, ಕಷ್ಟ ಬಂದಾಗ ಅದನ್ನು ಬಳಸಿಕೊಳ್ಳುತ್ತಾನೆ. ವ್ಯಾಪಾರಿಯ ಮಾತನ್ನು ತಳ್ಳಿಹಾಕದೆ ಅದರ ಹಿಂದಿನ ತರ್ಕವನ್ನು ಹುಡುಕಿದ್ದು ಬೌಮಲ್ ಅವರ ದೊಡ್ಡತನ.

ಆ ಜಾಗಕ್ಕೂ ಒಂದು ಕೊನೆಯಿದೆ. ಸ್ಥಿರ ವೆಚ್ಚ 2.8 ಕೋಟಿಗೆ ಏರಿದರೆ 2.2 ಕೋಟಿ ಲಾಭ ಬರುವುದು 2,000 ರೂಪಾಯಿ ಬೆಲೆಯಲ್ಲಿ ಮಾತ್ರ. ಆಗ ಎರಡೂ ಕಂಪನಿಗಳು ಒಂದೇ ಬೆಲೆಗೆ ಒಂದೇ ಸಂಖ್ಯೆಯ ಕುಕ್ಕರ್ ಮಾರುತ್ತಿರುತ್ತವೆ. ಹೊರಗಿನಿಂದ ನೋಡಿದವರಿಗೆ ಯಾವುದರ ಗುರಿ ಯಾವುದೆಂದು ಗೊತ್ತಾಗದು. ತೀವ್ರ ಪೈಪೋಟಿಯ ಮಾರುಕಟ್ಟೆಯಲ್ಲೂ ಹೀಗೆಯೇ. ಅಲ್ಲಿ ಸಿಗಬಹುದಾದ ಅತಿ ಹೆಚ್ಚಿನ ಲಾಭವೇ ಬದುಕಿ ಉಳಿಯಲು ಬೇಕಾದ ಕನಿಷ್ಠ ಲಾಭವಾಗಿರುತ್ತದೆ, ಬಿಟ್ಟುಕೊಡಲು ಏನೂ ಮಿಕ್ಕಿರುವುದಿಲ್ಲ. ಬೌಮಲ್ ತಮ್ಮ ಸಿದ್ಧಾಂತವನ್ನು ಕೆಲವೇ ದೊಡ್ಡ ಕಂಪನಿಗಳ ಮಾರುಕಟ್ಟೆಗೆ ಹೇಳಿದ್ದಕ್ಕೆ ಇದೂ ಒಂದು ಸಮರ್ಥನೆ.

ಅಲ್ಲೇ ಸಿದ್ಧಾಂತದ ದೌರ್ಬಲ್ಯವೂ ಇದೆ. ಬೆಲೆ 20 ರೂಪಾಯಿ ಇಳಿಸಿದರೆ ಸಾವಿರ ಗಿರಾಕಿಗಳು ಬರುತ್ತಾರೆ ಎಂದು ನಮ್ಮ ಉದಾಹರಣೆಯಲ್ಲಿ ಒಪ್ಪಿಕೊಂಡೆವು. ಎದುರಾಳಿ ಕುಕ್ಕರ್ ಕಂಪನಿಗಳೂ ಅದೇ ದಿನ ಬೆಲೆ ಇಳಿಸಿದರೆ ಅಷ್ಟು ಮಂದಿ ಬರುವುದಿಲ್ಲ, ಪಟ್ಟಿಯ ಅಂಕಿಗಳೆಲ್ಲ ಬದಲಾಗುತ್ತವೆ. ದಿನನಿತ್ಯದ ತೀರ್ಮಾನಗಳಲ್ಲಿ ದೊಡ್ಡ ಕಂಪನಿಗಳು ಎದುರಾಳಿಯ ಪ್ರತಿಕ್ರಿಯೆಯನ್ನು ಅಷ್ಟಾಗಿ ಗಮನಿಸುವುದಿಲ್ಲ ಎಂದು ಬೌಮಲ್ ವಾದಿಸಿದರು. ಕೆಲವೇ ಕಂಪನಿಗಳಿರುವ ಮಾರುಕಟ್ಟೆಯಲ್ಲಿ ಆ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಬಾಡಿಗೆಯ ಉದಾಹರಣೆಗೂ ಇದು ಅನ್ವಯಿಸುತ್ತದೆ. ಒಂದು ಬೀದಿಯ ಎಲ್ಲ ಹೋಟೆಲುಗಳ ಬಾಡಿಗೆಯೂ ಒಟ್ಟಿಗೆ ಏರಿ ನಾಲ್ಕು ಹೋಟೆಲು ಮುಚ್ಚಿದರೆ, ಉಳಿದವರು ಬೆಲೆ ಏರಿಸಲು ಮಾರಾಟದ ಹಂಬಲವೇ ಬೇಕಿಲ್ಲ. ಪೈಪೋಟಿ ಕಡಿಮೆಯಾದದ್ದೇ ಸಾಕು. ಸಿದ್ಧಾಂತವನ್ನು ನಿಜಕ್ಕೂ ಪರೀಕ್ಷಿಸಲು ಒಂದೇ ಕಂಪನಿಯ ಸ್ಥಿರ ವೆಚ್ಚ ಏರಿ ಉಳಿದದ್ದೆಲ್ಲ ಹಾಗೇ ಇರುವ ಸಂದರ್ಭ ಬೇಕು, ಅದು ಸಿಗುವುದು ಅಪರೂಪ.

ಹಾಗಾಗಿ ಸಂಶೋಧಕರು ಇನ್ನೊಂದು ಜಾಡು ಹಿಡಿದರು. ಮ್ಯಾನೇಜರನ ಸಂಬಳ ಯಾವುದರ ಜೊತೆ ಏರುತ್ತದೆ ಎಂದು ನೋಡಿದರು. 1962ರಲ್ಲಿ ಮ್ಯಾಗ್ವೈರ್, ಚಿಯು, ಎಲ್ಬಿಂಗ್ ಎಂಬ ಮೂವರು ಅಮೆರಿಕದ ದೊಡ್ಡ ಕಂಪನಿಗಳ ಲೆಕ್ಕ ತೆಗೆದು, ಮುಖ್ಯಸ್ಥರ ಆದಾಯಕ್ಕೆ ಲಾಭಕ್ಕಿಂತ ಮಾರಾಟದ ಜೊತೆಗೇ ಹೆಚ್ಚು ನಂಟು ಎಂದರು. 1970ರಲ್ಲಿ ಲೆವೆಲೆನ್ ಮತ್ತು ಹಂಟ್ಸ್‌ಮನ್ ಬೇರೆ ವಿಧಾನದಿಂದ ಲೆಕ್ಕ ಹಾಕಿ ಇದಕ್ಕೆ ವಿರುದ್ಧವಾದ ಉತ್ತರ ಪಡೆದರು. ಅವರ ಪ್ರಕಾರ ಸಂಬಳವನ್ನು ನಿರ್ಧರಿಸುವುದು ಲಾಭ ಮತ್ತು ಷೇರಿನ ಮಾರುಕಟ್ಟೆ ಮೌಲ್ಯ. ದೊಡ್ಡ ಕಂಪನಿಗಳಲ್ಲಿ ಮಾರಾಟವೂ ದೊಡ್ಡದು, ಲಾಭವೂ ದೊಡ್ಡದು, ಸಂಬಳವೂ ದೊಡ್ಡದು. ಯಾವುದು ಯಾವುದನ್ನು ಎಳೆಯುತ್ತಿದೆ ಎಂದು ಬಿಡಿಸುವುದು ಸುಲಭವಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ ಕಾಲದ್ದು. ಇಂದು ಅಗ್ಗವಾಗಿ ಮಾರಿ ಗಿರಾಕಿಗಳನ್ನು ಹಿಡಿದುಕೊಂಡರೆ ಐದು ವರ್ಷದ ನಂತರ ಹೆಚ್ಚು ಗಳಿಸಬಹುದು ಎಂದು ಲೆಕ್ಕ ಹಾಕುವವನೂ 1,600 ರೂಪಾಯಿಗೇ ಮಾರುತ್ತಾನೆ. ಅವನ ಗುರಿ ಲಾಭವೇ, ಕಾಯುವ ತಾಳ್ಮೆ ಹೆಚ್ಚು ಅಷ್ಟೆ. ಅಮೆಜಾನ್ ಕಂಪನಿಯ ಜೆಫ್ ಬೆಜೋಸ್ 1997ರ ಸಾಲಿಗೆ ಷೇರುದಾರರಿಗೆ ಬರೆದ ಪತ್ರದಲ್ಲಿ, ಅಲ್ಪಾವಧಿಯ ಲಾಭಕ್ಕಿಂತ ದೀರ್ಘಾವಧಿಯ ಮಾರುಕಟ್ಟೆ ನಾಯಕತ್ವವನ್ನೇ ನೋಡಿ ಹೂಡಿಕೆಯ ತೀರ್ಮಾನ ಮಾಡುತ್ತೇವೆ ಎಂದು ಮೊದಲೇ ತಿಳಿಸಿದ್ದರು. ಬೆಂಗಳೂರಿನ ಆನ್‌ಲೈನ್ ನವೋದ್ಯಮಗಳ ವಿಷಯದಲ್ಲಿ ಇದು ಇನ್ನೊಂದು ತಿರುವು ಪಡೆಯಿತು. ಬಂಡವಾಳ ಹಾಕಿದವರೇ ನಷ್ಟಕ್ಕೆ ಒಪ್ಪಿದರು, ಆದರೆ ಅದಕ್ಕೂ ಒಂದು ಮಿತಿ ಇಟ್ಟರು. ಬೌಮಲ್ ಭಾಷೆಯಲ್ಲಿ ಹೇಳುವುದಾದರೆ ಅವರು ಕನಿಷ್ಠ ಲಾಭವನ್ನು ಸೊನ್ನೆಗಿಂತ ಕೆಳಗೆ ಇಟ್ಟರು. ಷರತ್ತು ಹೋಗಲಿಲ್ಲ, ಅದರ ಅಂಕಿ ಬದಲಾಯಿತು. ಹೂಡಿಕೆದಾರರು ಕೈ ಬಿಗಿ ಹಿಡಿದ ವರ್ಷ ಆ ಅಂಕಿ ಮೇಲೇರುತ್ತದೆ. ಆಗ ರಿಯಾಯಿತಿ ಕುಗ್ಗುತ್ತದೆ, ಸಾಗಣೆಗೆ ಶುಲ್ಕ ಬೀಳುತ್ತದೆ, ಜಾಹೀರಾತು ಇಳಿಯುತ್ತದೆ. ತಯಾರಿಕೆಯ ಖರ್ಚು ಬದಲಾಗದೆ ಇವೆಲ್ಲ ಬದಲಾದರೆ, ಆ ಕಂಪನಿ ತನ್ನ ಕನಿಷ್ಠ ಲಾಭದ ಅಂಚಿನಲ್ಲೇ ನಡೆಯುತ್ತಿತ್ತು ಎಂದು ಊಹಿಸಲು ಅವಕಾಶವಿದೆ.

ಒಂದು ಕಂಪನಿಯ ಬಗ್ಗೆ ಇದನ್ನು ತಿಳಿಯಬೇಕೆನ್ನುವವರು ಅದರ ವಾರ್ಷಿಕ ವರದಿಯಲ್ಲಿ ಮುಖ್ಯ ಕಾರ್ಯನಿರ್ವಾಹಕರ ಬೋನಸ್ಸನ್ನು ಯಾವ ಅಳತೆಗೆ ಕಟ್ಟಿದ್ದಾರೆ ಎಂದು ಮೊದಲು ನೋಡಬೇಕು. ವಹಿವಾಟಿಗೆ ಕಟ್ಟಿದ್ದರೆ ನಮ್ಮ ಕುಕ್ಕರ್ ಕಂಪನಿಯ ಮ್ಯಾನೇಜರ್ ನಡೆದ ದಾರಿಯನ್ನೇ ಅವರೂ ಹಿಡಿಯುವ ಸಂಭವ ಹೆಚ್ಚು. ನಂತರ ಒಳ್ಳೆಯ ವರ್ಷಗಳ ಕಡೆ ಕಣ್ಣು ಹಾಯಿಸಬೇಕು. ಕಚ್ಚಾವಸ್ತು ಅಗ್ಗವಾಗಿ ಅನಿರೀಕ್ಷಿತವಾಗಿ ಹೆಚ್ಚು ಹಣ ಬಂದ ವರ್ಷ ಅದು ಡಿವಿಡೆಂಡ್ ಆಗಿ ಷೇರುದಾರರಿಗೆ ಹೋಯಿತೋ, ಜಾಹೀರಾತು ಮತ್ತು ಡೀಲರ್ ಕಮಿಷನ್ನಿಗೆ ಕರಗಿತೋ ಎಂಬುದು ಅಲ್ಲಿನ ಖರ್ಚಿನ ಪಟ್ಟಿಯಲ್ಲೇ ಇರುತ್ತದೆ. ಒಂದು ವರ್ಷದ ಪಟ್ಟಿ ಸಾಲದು. ಹೊಸ ಮಾದರಿ ಬಿಡುಗಡೆಯಾದ ವರ್ಷ ಲಾಭದ ಗುರಿಯಿರುವ ಕಂಪನಿಯೂ ಜಾಹೀರಾತಿಗೆ ಹೆಚ್ಚು ಸುರಿಯುತ್ತದೆ.